ಹಾಳೆಯಿಂದ ಟ್ರ್ಯಾಕರಿಗೆ: ಇನ್ನೂರು ಕೆಲಸಗಳ ವರ್ಗಾವಣೆ

ಸ್ಪ್ರೆಡ್‌ಶೀಟಿನಲ್ಲಿ ಬೆಳೆದ ಕೆಲಸದ ಪಟ್ಟಿಯನ್ನು ಟ್ರ್ಯಾಕರಿಗೆ ಇಂಪೋರ್ಟ್ ಮಾಡುವಾಗ ಮೂರು ಹಂತ ದಾಟಬೇಕು. ಮೊದಲು ಹಾಳೆಯನ್ನು ಯಂತ್ರ ಓದುವಂತೆ ಸರಿಪಡಿಸಬೇಕು, ಆಮೇಲೆ ಅದರ ಒಂದೊಂದು ಕಾಲಂ ಟ್ರ್ಯಾಕರಿನ ಯಾವ ಫೀಲ್ಡಿಗೆ ಹೋಗಬೇಕೆಂದು ಗೊತ್ತುಮಾಡಬೇಕು, ಕೊನೆಗೆ ಹೋದದ್ದು ಸರಿಯಾಗಿ ಹೋಗಿದೆಯೇ ಎಂದು ತಾಳೆ ನೋಡಬೇಕು. ಮುಂದಿನ ಸಂವಾದ ನಡೆಯುವುದು ಬೆಂಗಳೂರಿನ ಒಂದು ಕಚೇರಿಯಲ್ಲಿ. ಕನ್ನಡ ಆಪ್ ಒಂದರ ಕೆಲಸದ ಪಟ್ಟಿ ಎಕ್ಸೆಲ್‌ನಲ್ಲಿದೆ, ಹೋಗಬೇಕಾದ್ದು ಜಿರಾಗೆ. ಹಾಳೆಯಲ್ಲಿ ಒಂಬತ್ತು ಕಾಲಂ: ಕ್ರಮಸಂಖ್ಯೆ, ಮಾಡ್ಯೂಲ್, ಮುಖ್ಯ ಕೆಲಸ, ಕೆಲಸ, ವಿವರ, ಯಾರು, ಕೊನೇ ದಿನ, ಅಂದಾಜು, ಸ್ಥಿತಿ.

ಕಿರಿಯರು: ಹಾಳೆ 214ನೇ ಸಾಲಿಗೆ ಮುಗಿಯುತ್ತದೆ ಮೇಡಂ. ಮೊದಲ ಸಾಲು ಹೆಡಿಂಗ್. ಹಾಗಾದರೆ 213 ಕೆಲಸ ಅಂತ ಇಟ್ಟುಕೊಳ್ಳಬಹುದಾ?

ಹಿರಿಯರು: ಸಾಲು 213 ಇರಬಹುದು, ಕೆಲಸ ಅಷ್ಟಿರಲಿಕ್ಕಿಲ್ಲ. ಮನುಷ್ಯರು ಓದಲೆಂದು ಮಾಡಿದ ಹಾಳೆಯಲ್ಲಿ ಅಲಂಕಾರ ಇದ್ದೇ ಇರುತ್ತದೆ. ಇಲ್ಲಿ ನೋಡಿ, ಪ್ರತಿ ಮಾಡ್ಯೂಲ್ ಶುರುವಾಗುವಾಗ ಒಂದು ಬಣ್ಣದ ಪಟ್ಟಿ, ಅದರಲ್ಲಿ ಸೆಲ್‌ಗಳನ್ನು ಮರ್ಜ್ ಮಾಡಿ ಹೆಸರು ಬರೆದಿದ್ದಾರೆ. ಅಂಥವು ಒಂಬತ್ತು. ನಡುವೆ ನಾಲ್ಕು ಖಾಲಿ ಸಾಲು. ಹದಿಮೂರು ಕಳೆದರೆ 200. ಈ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ಟ್ರ್ಯಾಕರ್ ಏನು ಹೇಳಬೇಕು ಎನ್ನುವುದು ಇಂಪೋರ್ಟಿಗೆ ಮೊದಲೇ ನಮಗೆ ಗೊತ್ತಿರಬೇಕು. ಆಮೇಲೆ ಎಣಿಸಲು ಹೊರಟರೆ, ಬಂದ ಸಂಖ್ಯೆಯನ್ನೇ ಸರಿ ಎಂದು ಒಪ್ಪಿಕೊಳ್ಳುವ ಆಸೆ ಹುಟ್ಟುತ್ತದೆ.

ಕಿರಿಯರು: ಆ ಪಟ್ಟಿ ಸಾಲುಗಳನ್ನು ಅಳಿಸಿದರೆ ಮಾಡ್ಯೂಲ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಮಾಡ್ಯೂಲ್ ಕಾಲಂ ಇದೆ, ಆದರೆ ಬಹುಪಾಲು ಖಾಲಿ. ಮೊದಲ ಸಾಲಿನಲ್ಲಿ ಮಾತ್ರ ಹೆಸರಿದೆ.

ಹಿರಿಯರು: ಆದ್ದರಿಂದ ಅಳಿಸುವ ಮೊದಲು ತುಂಬಿಸಬೇಕು. ಮೇಲಿನದೇ ಕೆಳಗೂ ಎಂದು ಕಣ್ಣು ತಾನಾಗಿ ಓದಿಕೊಳ್ಳುತ್ತದೆ, ಸಿಎಸ್‌ವಿ ಓದುವ ಪ್ರೋಗ್ರಾಂ ಓದಿಕೊಳ್ಳುವುದಿಲ್ಲ. ಅದಕ್ಕೆ ಪ್ರತಿ ಸಾಲೂ ಒಂಟಿ. ಮರ್ಜ್ ಬಿಡಿಸಿದಾಗ ಹೆಸರು ಎಡತುದಿಯ ಮೇಲಿನ ಸೆಲ್‌ನಲ್ಲಿ ಮಾತ್ರ ಉಳಿಯುತ್ತದೆ. ಎಕ್ಸೆಲ್‌ನಲ್ಲಿ ಕಾಲಂ ಆರಿಸಿ, Go To Special ತೆರೆದು, Blanks ಒತ್ತಿ, ಮೇಲಿನ ಸೆಲ್ಲನ್ನು ತೋರಿಸುವ ಫಾರ್ಮುಲಾ ಬರೆದು, Ctrl+Enter ಕೊಟ್ಟರೆ ಎಲ್ಲ ಖಾಲಿಯೂ ಒಟ್ಟಿಗೆ ತುಂಬುತ್ತದೆ. ಆಮೇಲೆ ಮರೆಯದೆ Paste Values ಮಾಡಬೇಕು. ಇಲ್ಲವಾದರೆ ನಾಳೆ ಯಾರಾದರೂ ಹಾಳೆಯನ್ನು ಸಾರ್ಟ್ ಮಾಡಿದಾಗ ಪ್ರತಿ ಸಾಲೂ ಹೊಸ ನೆರೆಯವನ ಮಾಡ್ಯೂಲನ್ನು ಎತ್ತಿಕೊಳ್ಳುತ್ತದೆ.

ಕಿರಿಯರು: ಕ್ರಮಸಂಖ್ಯೆ ಕಾಲಂ ತೆಗೆದುಬಿಡಲಾ? ಜಿರಾ ತನ್ನದೇ ನಂಬರ್ ಕೊಡುತ್ತದಲ್ಲ.

ಹಿರಿಯರು: ಎಲ್ಲ ಕಾಲಂ ತೆಗೆದರೂ ಅದೊಂದನ್ನು ತೆಗೆಯಬೇಡಿ. ಆ ಸಂಖ್ಯೆ ಇಲ್ಲಿ ಮೂರು ಕಡೆ ದುಡಿಯುತ್ತದೆ. ಒಂದು, ಮುಖ್ಯ ಕೆಲಸಕ್ಕೂ ಅದರ ಉಪಕೆಲಸಕ್ಕೂ ಸಂಬಂಧ ಕಟ್ಟುವುದು ಅದರಿಂದಲೇ. ಎರಡು, ಹಾಳೆಯ ಸಾಲು ಟ್ರ್ಯಾಕರಿನಲ್ಲಿ ಯಾವುದಾಯಿತು ಎಂದು ಆಮೇಲೆ ಹುಡುಕುವ ದಾರಿ ಅದೊಂದೇ. ಕೆಲಸದ ಹೆಸರಿನಿಂದ ಹುಡುಕುತ್ತೇನೆ ಎಂದರೆ ಆಗದು. ಈ ಹಾಳೆಯಲ್ಲೇ ‘ಬಟನ್ ಬಣ್ಣ ಸರಿಮಾಡುವುದು’ ಎಂಬ ಹೆಸರು ನಾಲ್ಕು ಕಡೆ ಇದೆ. ಮೂರು, ಅದೇ ಫೈಲನ್ನು ಎರಡನೇ ಸಲ ಏರಿಸಿದರೆ ಜಿರಾ ತಡೆಯುವುದಿಲ್ಲ. ಜಿರಾದ್ದೇ ಕೀ ಇರುವ ಕಾಲಮ್ಮನ್ನು ಮ್ಯಾಪ್ ಮಾಡದ ಹೊರತು ಪ್ರತಿ ಸಾಲೂ ಅದಕ್ಕೆ ಹೊಸ ಕೆಲಸವೇ. ಹೀಗೆ ಜೋಡಿಗಳು ಹುಟ್ಟಿದಾಗ ಪತ್ತೆಹಚ್ಚಲು ನಮ್ಮ ಹಳೆಯ ಸಂಖ್ಯೆ ಬೇಕು. ಪ್ರಾಜೆಕ್ಟಿನಲ್ಲಿ Sheet ID ಎಂಬ ಒಂದು ಪಠ್ಯ ಫೀಲ್ಡ್ ಮಾಡಿಸಿಕೊಂಡು ಅದರಲ್ಲಿ ಇದನ್ನು ಇಡೋಣ. ಜೊತೆಗೆ ಎಲ್ಲ ಸಾಲಿಗೂ sheet-import ಎಂಬ ಒಂದೇ ಲೇಬಲ್. ಎಲ್ಲವನ್ನೂ ಒಟ್ಟಿಗೆ ಹಿಡಿಯಲು, ಬೇಡವಾದರೆ ಒಟ್ಟಿಗೆ ತೆಗೆಯಲು ಅದು ಬೇಕಾಗುತ್ತದೆ.

ಕಿರಿಯರು: ಉಪಕೆಲಸದ ಸಂಬಂಧ ಹೇಗೆ ಕಟ್ಟುವುದು? ಹಾಳೆಯಲ್ಲಿ ‘ಮುಖ್ಯ ಕೆಲಸ’ ಕಾಲಮ್ಮಿನಲ್ಲಿ ಹೆಸರು ಬರೆದಿದ್ದಾರೆ, ಸಂಖ್ಯೆ ಅಲ್ಲ.

ಹಿರಿಯರು: ಹೆಸರಿನ ಜಾಗಕ್ಕೆ ಸಂಖ್ಯೆ ತರಬೇಕು. ಉಪಕೆಲಸಗಳು 31 ಇವೆ, ಕೈಯಿಂದಲೇ ಮಾಡಬಹುದು. ಸಿಎಸ್‌ವಿಯಲ್ಲಿ Issue Id, Parent Id, Issue Type ಎಂಬ ಮೂರು ಕಾಲಂ ಬೇಕು. ಹೊಸ ಕ್ಲೌಡ್ ಆವೃತ್ತಿಯಲ್ಲಿ ಇಶ್ಯೂ ಎನ್ನುವ ಕಡೆ ವರ್ಕ್ ಐಟಂ ಎಂದು ಕಾಣಬಹುದು, ತಿರುಳು ಒಂದೇ. ಈ ಎರಡು ಐಡಿಗಳು ಜಿರಾ ಕೊಡುವ ನಂಬರಲ್ಲ, ಈ ಫೈಲಿನೊಳಗೆ ಮಾತ್ರ ಅರ್ಥವಿರುವ ತಾತ್ಕಾಲಿಕ ಗುರುತು. ಹೀಗೆ:

```
Issue Id,Parent Id,Issue Type,Summary
41,,Task,ಲಾಗಿನ್ ಪುಟ
42,41,Sub-task,ಓಟಿಪಿ ಸಂದೇಶದ ಕನ್ನಡ ಪಠ್ಯ
43,41,Sub-task,ತಪ್ಪು ಪಾಸ್‌ವರ್ಡ್ ಎಚ್ಚರಿಕೆ
```

ಮುಖ್ಯ ಕೆಲಸದ ಸಾಲು ಉಪಕೆಲಸಕ್ಕಿಂತ ಮೇಲೆ ಇರಲಿ, ಎರಡೂ ಒಂದೇ ಫೈಲಿನಲ್ಲಿರಲಿ. ನೂರು ನೂರು ಸಾಲಾಗಿ ಎರಡು ಫೈಲು ಮಾಡುತ್ತೇನೆ ಎಂದು ಕತ್ತರಿಸಿದರೆ, ಕತ್ತರಿ ಬಿದ್ದ ಜಾಗದಲ್ಲಿ ಮಕ್ಕಳು ಅನಾಥ.

ಕಿರಿಯರು: ಇನ್ನು ದಿನಾಂಕ. ಈ ಕಾಲಂ ನೋಡಿದರೆ ಕೆಲವು ಎಡಕ್ಕೆ ಅಂಟಿವೆ, ಕೆಲವು ಬಲಕ್ಕೆ. ಅಲೈನ್‌ಮೆಂಟ್ ಯಾರೂ ಮಾಡಿಲ್ಲವಂತೆ.

ಹಿರಿಯರು: ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲಿಯೇ. ಬೇರೆ ತಪ್ಪುಗಳು ಕೂಗಿ ಹೇಳುತ್ತವೆ, ದಿನಾಂಕದ ತಪ್ಪು ಸುಮ್ಮನೆ ಇನ್ನೊಂದು ದಿನಾಂಕವಾಗಿ ಕೂತುಬಿಡುತ್ತದೆ. ಎಕ್ಸೆಲ್ ದಿನಾಂಕವನ್ನು ಇಡುವುದು ಸಂಖ್ಯೆಯಾಗಿ. 2025ರ ಜನವರಿ 1 ಅದರ ಲೆಕ್ಕದಲ್ಲಿ 45658. ಸಂಖ್ಯೆ ಬಲಕ್ಕೆ ಕೂರುತ್ತದೆ, ಪಠ್ಯ ಎಡಕ್ಕೆ. ಎಡಕ್ಕೆ ಕೂತವು ಎಕ್ಸೆಲ್‌ಗೆ ದಿನಾಂಕವೇ ಅಲ್ಲ, ಬರೀ ಅಕ್ಷರ. ISNUMBER ಹಾಕಿ ಎಣಿಸಿ.

ಕಿರಿಯರು: ಒಟ್ಟು 163 ಸಾಲಿಗೆ ದಿನಾಂಕ ಇದೆ, 37 ಖಾಲಿ. ಆ 163ರಲ್ಲಿ 61 ಸಂಖ್ಯೆ, 102 ಪಠ್ಯ. ಪಠ್ಯವಾಗಿರುವ ಎಲ್ಲದರಲ್ಲೂ ತಾರೀಖು 13 ಅಥವಾ ಅದಕ್ಕಿಂತ ದೊಡ್ಡದು! 12ರ ಒಳಗಿನದು ಒಂದೂ ಇಲ್ಲ.

ಹಿರಿಯರು: ಹಾಗಾದರೆ ಕಾರಣ ಸಿಕ್ಕಿತು. ಹಾಳೆ ತುಂಬಿಸಿದ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದೆ. ಅಲ್ಲಿ ಮೊದಲು ತಿಂಗಳು, ಆಮೇಲೆ ತಾರೀಖು. ನಮ್ಮವರು 25/04/2025 ಎಂದು ಬರೆದಾಗ ಎಕ್ಸೆಲ್ 25ನೇ ತಿಂಗಳು ಇಲ್ಲವೆಂದು ಕೈಬಿಟ್ಟು ಪಠ್ಯವಾಗಿ ಇಟ್ಟಿತು. ಅದು ಒಳ್ಳೆಯದೇ ಆಯಿತು, ಬರೆದದ್ದು ಬರೆದ ಹಾಗೇ ಉಳಿಯಿತು. 03/04/2025 ಎಂದು ಬರೆದಾಗ ಮಾತ್ರ ಅದು ಸಂತೋಷದಿಂದ ಮಾರ್ಚ್ 4 ಎಂದು ಒಪ್ಪಿಕೊಂಡಿತು. ಬರೆದವರ ಮನಸ್ಸಿನಲ್ಲಿದ್ದುದು ಏಪ್ರಿಲ್ 3. ನೋಡಲು ಚೊಕ್ಕವಾಗಿರುವ ಆ 61 ಸಾಲುಗಳೇ ಕೆಟ್ಟಿರುವುದು, ಒರಟಾಗಿ ಕಾಣುವ 102 ಅಲ್ಲ.

ಕಿರಿಯರು: ಹಾಗಾದರೆ ಸಂಖ್ಯೆಯಾಗಿರುವುದರಲ್ಲಿ ತಾರೀಖು, ತಿಂಗಳು ಅದಲುಬದಲು ಮಾಡುವುದು, ಪಠ್ಯವನ್ನು ಬಿಡಿಸಿ ಓದುವುದು.

ಹಿರಿಯರು: ಅಷ್ಟೇ. ಕೊನೇ ದಿನ G ಕಾಲಮ್ಮಿನಲ್ಲಿದೆ, ಪಠ್ಯವೆಲ್ಲ ಎರಡಂಕಿ ತಾರೀಖು, ಎರಡಂಕಿ ತಿಂಗಳು. ಆದ್ದರಿಂದ ಪಕ್ಕದಲ್ಲಿ ಹೊಸ ಕಾಲಂ ಮಾಡಿ ಹೀಗೆ ಬರೆಯಬಹುದು:

```
=IF(G2="","",TEXT(IF(ISNUMBER(G2),
 DATE(YEAR(G2),DAY(G2),MONTH(G2)),
 DATE(RIGHT(G2,4),MID(G2,4,2),LEFT(G2,2))),
 "yyyy-mm-dd"))
```

ಆದರೆ ತಡೆಯಿರಿ. ಈ ಫಾರ್ಮುಲಾ ಸರಿಯಾಗುವುದು ಎಲ್ಲರೂ ಅಮೆರಿಕದ ಸೆಟ್ಟಿಂಗ್ ಇರುವ ಯಂತ್ರದಲ್ಲೇ ಬರೆದಿದ್ದರೆ ಮಾತ್ರ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಭಾರತದ ಸೆಟ್ಟಿಂಗ್ ಇದ್ದರೆ ಅವರ ದಿನಾಂಕಗಳು ಈಗಾಗಲೇ ಸರಿಯಿರುತ್ತವೆ, ನಾವೇ ಕೈಯಾರೆ ಕೆಡಿಸುತ್ತೇವೆ. ಅದನ್ನು ಪತ್ತೆಹಚ್ಚಲು ಒಂದು ಪರೀಕ್ಷೆ ಇದೆ. ಅಮೆರಿಕದ ಯಂತ್ರದಲ್ಲಿ ಅದಲುಬದಲಾದ ದಿನಾಂಕದಲ್ಲಿ ಈಗ ತಾರೀಖಿನ ಜಾಗದಲ್ಲಿರುವುದು ಬರೆದವರ ತಿಂಗಳು, ಹಾಗಾಗಿ ಅದು 12 ದಾಟಲಾರದು. ಸಂಖ್ಯೆಯಾಗಿರುವ ಸೆಲ್‌ನಲ್ಲಿ DAY(G2) 12 ದಾಟಿದ್ದರೆ ಅದು ಬೇರೆ ಯಂತ್ರದಲ್ಲಿ ಹುಟ್ಟಿದ್ದು ಎಂದೇ ಅರ್ಥ.

ಕಿರಿಯರು: ಐದು ಸಾಲು ಸಿಕ್ಕವು. ಐದೂ ‘ಪಾವತಿ’ ಮಾಡ್ಯೂಲಿನವು.

ಹಿರಿಯರು: ಪಾವತಿ ಮಾಡ್ಯೂಲನ್ನು ತುಂಬಿಸಿದವರು ಒಬ್ಬರೇ ಇರಬೇಕು, ಕೇಳಿ ಖಚಿತಮಾಡಿಕೊಳ್ಳಿ. ಹೌದು ಎಂದರೆ ಆ ಐದಷ್ಟೇ ಅಲ್ಲ, ಅವರು ಬರೆದ ಎಲ್ಲ ದಿನಾಂಕವೂ ಸರಿಯಿರುವುದು. ಆ ಮಾಡ್ಯೂಲಿನಲ್ಲಿ ಸಂಖ್ಯೆಯಾಗಿರುವುದು ಒಟ್ಟು ಒಂಬತ್ತು ಸಾಲು. ಅವಕ್ಕೆ ಅದಲುಬದಲು ಬೇಡ, =TEXT(G2,"yyyy-mm-dd") ಸಾಕು. ಉಳಿದ 52ಕ್ಕೆ ಮೇಲಿನ ಫಾರ್ಮುಲಾ. ಕೊನೆಗೆ ಇಡೀ ಕಾಲಮ್ಮಿನ ಅತಿ ಹಿಂದಿನ ಮತ್ತು ಅತಿ ಮುಂದಿನ ದಿನಾಂಕ ನೋಡಿ. ಕೆಲಸ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಎಂದಿದ್ದರೆ ನವೆಂಬರ್ ಕಂಡ ಕಡೆ ಬೆರಳಿಡಬೇಕು.

ಕಿರಿಯರು: ಅಂದಾಜು ಕಾಲಂ ಸುಲಭ ಅಲ್ಲವೇ? ಬರೀ ಗಂಟೆಗಳು. ಒಟ್ಟು 1,146.5.

ಹಿರಿಯರು: ಸಂಖ್ಯೆ ಸರಿ, ಅಳತೆ ಬೇರೆ. ಪರದೆಯ ಮೇಲೆ ಜಿರಾದಲ್ಲಿ 6h ಎಂದು ಬರೆಯುತ್ತೇವೆ. ಸಿಎಸ್‌ವಿಯಿಂದ ಬರುವ Original Estimate ಮಾತ್ರ ಸೆಕೆಂಡಿನಲ್ಲಿರಬೇಕು. 6 ಎಂದು ಕೊಟ್ಟರೆ ಆರು ಗಂಟೆಯ ಕೆಲಸ ಆರು ಸೆಕೆಂಡಿನದಾಗಿ ಒಳಹೋಗುತ್ತದೆ, ಯಾವ ದೋಷದ ಸಂದೇಶವೂ ಬರುವುದಿಲ್ಲ. 3600ರಿಂದ ಗುಣಿಸಿ. ಎಲ್ಲೋ ಯಾರೋ ‘2 ದಿನ’ ಎಂದು ಬರೆದಿದ್ದರೆ ಗುಣಾಕಾರ ಮಾಡಿದಾಗ #VALUE! ಎಂದು ತಾನಾಗಿ ಬಯಲಾಗುತ್ತದೆ. ಅದನ್ನು ಗಂಟೆ ಮಾಡುವಾಗ ಒಂದು ದಿನವೆಂದರೆ 24 ಗಂಟೆಯಲ್ಲ. ಜಿರಾದ ಮಾಮೂಲಿ ಲೆಕ್ಕದಲ್ಲಿ 8 ಗಂಟೆ, ನಿಮ್ಮ ಆಡ್ಮಿನ್ ಬದಲಿಸಿರದಿದ್ದರೆ. ಗುಣಿಸಿದ ಮೇಲೆ ಒಟ್ಟು 41,27,400 ಸೆಕೆಂಡು ಬರಬೇಕು. ಇದನ್ನೂ ಆ 200ರ ಪಕ್ಕ ಬರೆದಿಡಿ.

ಕಿರಿಯರು: ‘ಯಾರು’ ಕಾಲಮ್ಮಿನಲ್ಲಿ ಅಡ್ಡಹೆಸರುಗಳೇ ಹೆಚ್ಚು. ಆರು ಸಾಲಿನಲ್ಲಿ ಇಬ್ಬರ ಹೆಸರು ಗೀಟು ಹಾಕಿ ಬರೆದಿದ್ದಾರೆ.

ಹಿರಿಯರು: ಹೆಸರಿನ ಬದಲು ಜಿರಾದಲ್ಲಿ ನೋಂದಾಯಿಸಿದ ಇಮೇಲ್ ಹಾಕಿ, ಒಂದು ಚಿಕ್ಕ ಪಟ್ಟಿ ಮಾಡಿಕೊಂಡು VLOOKUP ಕೊಟ್ಟರಾಯಿತು. ಹೊಂದದ ಹೆಸರಿಗೆ ಏನಾಗುತ್ತದೆ ಎನ್ನುವುದು ಆವೃತ್ತಿಯನ್ನೂ ಅನುಮತಿಯನ್ನೂ ಅವಲಂಬಿಸಿದೆ. ಖಾಲಿ ಉಳಿಯಬಹುದು, ಕೆಲವೆಡೆ ಹೊಸ ಬಳಕೆದಾರನೇ ಹುಟ್ಟಿಕೊಳ್ಳಬಹುದು. ಇಬ್ಬರ ಹೆಸರಿರುವ ಆರು ಸಾಲಿಗೆ ಸೂತ್ರವಿಲ್ಲ. Assignee ಫೀಲ್ಡಿನಲ್ಲಿ ಒಬ್ಬರಿಗೇ ಜಾಗ. ಆ ಇಬ್ಬರನ್ನೂ ಕೇಳಿ ಯಾರದು ಎಂದು ತೀರ್ಮಾನಿಸಬೇಕು, ಇನ್ನೊಬ್ಬರ ಹೆಸರು ವಿವರದ ಕೊನೆಯಲ್ಲಿ ಇರಲಿ. ಯಂತ್ರದ ಮೇಲೆ ಹಾಕಬಾರದ ಕೆಲಸ ಅದು.

ಕಿರಿಯರು: ಸ್ಥಿತಿ ಕಾಲಂ ಎಣಿಸಿದೆ. ‘ಮುಗಿದಿದೆ’ 64, ‘ನಡೆಯುತ್ತಿದೆ’ 38, ‘ಬಾಕಿ’ 74, ಖಾಲಿ 12. ಕೂಡಿದರೆ 188. ಇನ್ನು 12 ಎಲ್ಲಿ ಹೋದವು?

ಹಿರಿಯರು: ಫಿಲ್ಟರ್ ಬಿಟ್ಟು LEN ಹಾಕಿ ನೋಡಿ.

ಕಿರಿಯರು: ಐದು ಸಾಲಿನಲ್ಲಿ ಇಂಗ್ಲಿಷಿನಲ್ಲಿ Done ಎಂದಿದೆ. ಏಳು ಸಾಲಿನಲ್ಲಿ ‘ಮುಗಿದಿದೆ’ ಆದಮೇಲೆ ಒಂದು ಸ್ಪೇಸ್. ಹಾಗಾದರೆ ಮುಗಿದದ್ದು 76, ಒಟ್ಟು 200 ಸರಿಹೋಯಿತು. ಸ್ಪೇಸನ್ನು TRIM ತೆಗೆಯುತ್ತದೆ.

ಹಿರಿಯರು: ಮಾಮೂಲಿ ಸ್ಪೇಸನ್ನು ತೆಗೆಯುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ್ದರೆ ಬರುವ ಮುರಿಯದ ಸ್ಪೇಸ್ ಬೇರೆ, CHAR(160). ಅದನ್ನು SUBSTITUTE ಮಾಡಬೇಕು. ಖಾಲಿ ಇರುವ 12ಕ್ಕೆ ‘ಬಾಕಿ’ ಎಂದು ನಾವೇ ತುಂಬಿಸೋಣ, ಜಿರಾ ಏನು ಮಾಡುತ್ತದೋ ಎಂದು ಕಾಯುವುದು ಬೇಡ. ಆಗ ಬಾಕಿ 86.

ಕಿರಿಯರು: ಮತ್ತೆ ‘ಮುಗಿದಿದೆ’ ಎನ್ನುವುದು ಜಿರಾದ Done ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಹಿರಿಯರು: ಅದು ಎರಡನೇ ಹಂತದ ಮಾತು. ಕಾಲಮ್ಮನ್ನು ಫೀಲ್ಡಿಗೆ ಜೋಡಿಸುವ ಪರದೆಯಲ್ಲಿ ಪ್ರತಿ ಕಾಲಮ್ಮಿನ ಎದುರು Map field value ಎಂಬ ಟಿಕ್ ಗುರುತಿನ ಜಾಗವಿದೆ. ಸ್ಥಿತಿಗೆ ಅದನ್ನು ಒತ್ತಿದರೆ ಮುಂದಿನ ಪರದೆಯಲ್ಲಿ ಹಾಳೆಯ ಮೂರು ಪದಗಳೂ ಅವುಗಳ ಎದುರು ಪ್ರಾಜೆಕ್ಟಿನ ಸ್ಥಿತಿಗಳೂ ಬರುತ್ತವೆ. ಅಲ್ಲಿ ಮೂರಕ್ಕಿಂತ ಹೆಚ್ಚು ಪದ ಕಂಡರೆ ಶುದ್ಧಿ ಇನ್ನೂ ಮುಗಿದಿಲ್ಲ ಎಂದೇ. ಆದರೆ ಜಿರಾದಲ್ಲಿ ಸ್ಥಿತಿಯ ಹಿಂದೆ ಇನ್ನೊಂದು ಫೀಲ್ಡ್ ಅಡಗಿದೆ, Resolution. ದಿನನಿತ್ಯ ಯಾರಾದರೂ ಕೆಲಸವನ್ನು Done ಕಾಲಮ್ಮಿಗೆ ಎಳೆದಾಗ ವರ್ಕ್‌ಫ್ಲೋ ಸಾಮಾನ್ಯವಾಗಿ ಅದನ್ನು ತಾನೇ ತುಂಬಿಸುತ್ತದೆ. ಇಂಪೋರ್ಟ್ ಕೆಲಸವನ್ನು ಎಳೆಯುವುದಿಲ್ಲ, ನೇರವಾಗಿ ಆ ಸ್ಥಿತಿಯಲ್ಲಿ ಕೂರಿಸುತ್ತದೆ. ಹಾಗಾಗಿ Resolution ಖಾಲಿ ಉಳಿಯುತ್ತದೆ. ಬೋರ್ಡಿನಲ್ಲಿ ಮುಗಿದಂತೆ ಕಾಣುತ್ತದೆ, ವರದಿಗಳಲ್ಲಿ ಮುಗಿಯದ ಲೆಕ್ಕಕ್ಕೆ ಸೇರುತ್ತದೆ. 76 ಮುಗಿದ ಕೆಲಸಗಳಿಗೆ Resolution ಎಂಬ ಹೊಸ ಕಾಲಮ್ಮಿನಲ್ಲಿ Done ಎಂದು ತುಂಬಿಸಿ, ಉಳಿದವಕ್ಕೆ ಖಾಲಿ ಬಿಡಿ.

ಕಿರಿಯರು: ಉಳಿದ ಕಾಲಂಗಳ ಜೋಡಣೆ?

ಹಿರಿಯರು: ಕೆಲಸ ಹೋಗುವುದು Summaryಗೆ. ಅದೊಂದು ಇಲ್ಲದೆ ಸಾಲು ಒಳಹೋಗುವುದೇ ಇಲ್ಲ. ವಿವರ Descriptionಗೆ, ಮಾಡ್ಯೂಲ್ Componentಗೆ. ಒಂದು ಕೆಲಸ ಎರಡು ಮಾಡ್ಯೂಲಿಗೆ ಸೇರಿದ್ದರೆ ಒಂದೇ ಸೆಲ್‌ನಲ್ಲಿ ಅಲ್ಪವಿರಾಮ ಹಾಕಿ ಬರೆಯಬೇಡಿ, Component ಎಂಬ ಹೆಡಿಂಗನ್ನೇ ಎರಡು ಕಾಲಮ್ಮಿಗೆ ಕೊಡಿ. ಜಿರಾ ಎರಡನ್ನೂ ಕೂಡಿಸಿಕೊಳ್ಳುತ್ತದೆ. ಕೆಲಸ ಹುಟ್ಟಿದ ದಿನಾಂಕ ಹಾಳೆಯಲ್ಲಿಲ್ಲ, ಹಾಗಾಗಿ ಇನ್ನೂರೂ ಇಂಪೋರ್ಟ್ ಮಾಡಿದ ದಿನವೇ ಹುಟ್ಟಿದಂತೆ ದಾಖಲಾಗುತ್ತವೆ. ಮುಂದೆ ಗ್ರಾಫಿನಲ್ಲಿ ಅವತ್ತು ಒಂದು ಗೋಪುರ ಎದ್ದರೆ ಮ್ಯಾನೇಜರಿಗೆ ಮೊದಲೇ ತಿಳಿಸಿಡಿ.

ಕಿರಿಯರು: ಈಗ ಸಿಎಸ್‌ವಿ ಆಗಿ ಸೇವ್ ಮಾಡಲಾ?

ಹಿರಿಯರು: ಯಾವ ಸಿಎಸ್‌ವಿ? ಎಕ್ಸೆಲ್‌ನಲ್ಲಿ ಹತ್ತಿರ ಹತ್ತಿರ ಹೆಸರಿನ ಎರಡಿವೆ. ಬರೀ CSV (Comma delimited) ಆರಿಸಿದರೆ ವಿಂಡೋಸಿನ ಹಳೆಯ ಅಕ್ಷರಪಟ್ಟಿಯಲ್ಲಿ ಬರೆಯುತ್ತದೆ. ಅದರಲ್ಲಿ ಕನ್ನಡವಿಲ್ಲ, ಹಾಗಾಗಿ ಪ್ರತಿ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಫೈಲ್ ಮುಚ್ಚಿದ ಮೇಲೆ ಅದನ್ನು ಹಿಂದಕ್ಕೆ ತರಲು ಬರುವುದಿಲ್ಲ. CSV UTF-8 (Comma delimited) ಎನ್ನುವುದನ್ನೇ ಆರಿಸಿ, ಮೂಲ ಹಾಳೆಯನ್ನು ಬೇರೆ ಹೆಸರಿನಲ್ಲಿ ಮುಟ್ಟದೆ ಇಡಿ. ತೆರೆದಿರುವ ಒಂದು ಶೀಟ್ ಮಾತ್ರ ಸೇವ್ ಆಗುತ್ತದೆ ಎನ್ನುವುದೂ ನೆನಪಿರಲಿ. ಸೇವ್ ಆದ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಎಕ್ಸೆಲ್‌ನಲ್ಲಿ ತೆರೆದರೆ ಅದು ದಿನಾಂಕಗಳನ್ನು ಮತ್ತೆ ತನ್ನ ರೀತಿಯಲ್ಲಿ ಓದಿಕೊಂಡು ತೋರಿಸುತ್ತದೆ, ಫೈಲಿನಲ್ಲಿ ನಿಜವಾಗಿ ಏನಿದೆ ಎಂದು ತಿಳಿಯುವುದಿಲ್ಲ.

ಕಿರಿಯರು: ನೋಟ್‌ಪ್ಯಾಡಿನಲ್ಲಿ ಕನ್ನಡ ಸರಿಯಾಗಿದೆ. ಒಂದು ಸಾಲಿನಲ್ಲಿ ಮಾತ್ರ PÀ£ÀßqÀ ಎಂದು ವಿಚಿತ್ರವಾಗಿ ಬಂದಿದೆ.

ಹಿರಿಯರು: ಅದು ‘ಕನ್ನಡ’ವೇ, ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು. ಯೂನಿಕೋಡ್ ಅಲ್ಲದ ಆ ಬರಹದಲ್ಲಿ ಒಳಗಿರುವುದು ಲ್ಯಾಟಿನ್ ಅಕ್ಷರಗಳು, ಕನ್ನಡವಾಗಿ ತೋರಿಸುತ್ತಿದ್ದುದು ಫಾಂಟ್. ಎಕ್ಸೆಲ್ ಸೆಲ್‌ಗೆ ಆ ಫಾಂಟ್ ಇತ್ತು, ಸಿಎಸ್‌ವಿಗೆ ಫಾಂಟೇ ಇಲ್ಲ. ಸರ್ಕಾರಿ ಕಚೇರಿಗಳಿಂದ ಬಂದ ಪಠ್ಯ ಸೇರಿಸಿದಾಗ ಇದು ಆಗಾಗ ಕಾಣುವುದು. ನುಡಿ ತಂತ್ರಾಂಶದ ಜೊತೆ ಬರುವ ಪರಿವರ್ತಕದಿಂದ ಯೂನಿಕೋಡ್ ಮಾಡಿ ಮತ್ತೆ ಅಂಟಿಸಿ.

ಕಿರಿಯರು: ಒಂದು ಅನುಮಾನ. ನೋಟ್‌ಪ್ಯಾಡಿನಲ್ಲಿ 201 ಸಾಲು ಇರಬೇಕಲ್ಲ? ಇನ್ನೂ ಜಾಸ್ತಿ ತೋರಿಸುತ್ತಿದೆ.

ಹಿರಿಯರು: ವಿವರದಲ್ಲಿ Alt+Enter ಒತ್ತಿ ಬರೆದವರಿದ್ದಾರೆ. ಅಂಥ ಸೆಲ್ಲನ್ನು ಎಕ್ಸೆಲ್ ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ, ಒಳಗೆ ಸಾಲು ಮುರಿದಿದ್ದರೂ ಜಿರಾ ಅದನ್ನು ಒಂದೇ ಸೆಲ್ ಎಂದು ಓದುತ್ತದೆ. ಅದರಿಂದ ತೊಂದರೆಯಿಲ್ಲ. ಈ ಇನ್ನೂರನ್ನೂ ಒಮ್ಮೆಗೇ ಏರಿಸಬೇಡಿ. ಹತ್ತು ಹನ್ನೆರಡು ಸಾಲಿನ ಒಂದು ಪ್ರಾಯೋಗಿಕ ಫೈಲ್ ಮಾಡಿ.

ಕಿರಿಯರು: ಮೊದಲ ಹತ್ತು ಸಾಲು?

ಹಿರಿಯರು: ಅಯ್ಯೋ, ಮೊದಲ ಹತ್ತು ಯಾವಾಗಲೂ ಸೌಮ್ಯ. ಹಾಳೆ ಶುರುಮಾಡಿದ ಉತ್ಸಾಹದಲ್ಲಿ ನೀಟಾಗಿ ಬರೆದಿರುತ್ತಾರೆ. ಕಾಡುವ ಸಾಲುಗಳನ್ನು ಆರಿಸಿ: ಒಂದು ಮುಖ್ಯ ಕೆಲಸ ಮತ್ತು ಅದರ ಎರಡು ಉಪಕೆಲಸ, ಸಾಲು ಮುರಿದ ವಿವರ ಇರುವುದು, ದಿನಾಂಕ ಇಲ್ಲದ್ದು, ಪಾವತಿಯದೊಂದು, ಮುಗಿದದ್ದೊಂದು, ಎರಡು ಮಾಡ್ಯೂಲ್ ಇರುವುದು, ಅರ್ಧ ಗಂಟೆಯ ಅಂದಾಜಿನದು. ಅವನ್ನು ಬೇರೊಂದು ಪ್ರಯೋಗದ ಪ್ರಾಜೆಕ್ಟಿಗೆ ಏರಿಸಿ. ನಿಜವಾದ ಪ್ರಾಜೆಕ್ಟಿನಲ್ಲಿ ಪ್ರಯೋಗ ಮಾಡಿ ಅಳಿಸಿದರೆ ಆ ನಂಬರುಗಳನ್ನು ಜಿರಾ ಮತ್ತೆ ಕೊಡುವುದಿಲ್ಲ, ನಿಮ್ಮ ಮೊದಲ ಕೆಲಸ KAP-13ರಿಂದ ಶುರುವಾಗುತ್ತದೆ.

ಕಿರಿಯರು: ಇಲ್ಲಿ ದಿನಾಂಕದ ನಮೂನೆ ಕೇಳುತ್ತಿದೆ. ನಮ್ಮ ಫಾರ್ಮುಲಾದಲ್ಲಿದ್ದ ಹಾಗೇ yyyy-mm-dd ಎಂದು ಕೊಡಲಾ?

ಹಿರಿಯರು: ಇಲ್ಲ, ಇಲ್ಲಿ yyyy-MM-dd. ಎಕ್ಸೆಲ್‌ಗೆ ಸಣ್ಣ mm ತಿಂಗಳಾಗುತ್ತದೆ. ಜಿರಾ ಬಳಸುವುದು ಜಾವಾದ ನಮೂನೆ, ಅದರಲ್ಲಿ ದೊಡ್ಡ MM ತಿಂಗಳು, ಸಣ್ಣ mm ನಿಮಿಷ. ಸಣ್ಣದನ್ನು ಕೊಟ್ಟರೆ 2025-04-03 ಎನ್ನುವುದು 2025ನೇ ಇಸವಿ, ನಾಲ್ಕನೇ ನಿಮಿಷ, 3ನೇ ತಾರೀಖು ಆಗುತ್ತದೆ. ತಿಂಗಳು ಹೇಳಿಲ್ಲವಾದ್ದರಿಂದ ಜಾವಾ ಜನವರಿ ಎಂದುಕೊಳ್ಳುತ್ತದೆ. ಇಡೀ ಪಟ್ಟಿಯ ಗಡುವು ಜನವರಿಗೆ ಬಂದು ನಿಂತಿದ್ದರೆ ಕಾರಣ ಇದೇ ಎಂದು ತಿಳಿಯಬೇಕು.

ಕಿರಿಯರು: ಸರಿ, Validate ಒತ್ತಿದೆ, ದೋಷವಿಲ್ಲ ಎಂದಿತು. ಇಂಪೋರ್ಟ್ ಕೂಡ ಆಯಿತು. ಆದರೆ Components ಪಟ್ಟಿಯಲ್ಲಿ ‘ಲಾಗಿನ್’ ಎರಡು ಸಲ ಬಂದಿದೆ. ಎಷ್ಟು ನೋಡಿದರೂ ಎರಡೂ ಒಂದೇ ಥರ.

ಹಿರಿಯರು: ಎರಡೂ ಸೆಲ್‌ಗಳಿಗೆ LEN ಹಾಕಿ.

ಕಿರಿಯರು: ಒಂದು 6, ಇನ್ನೊಂದು 7.

ಹಿರಿಯರು: ಲ, ದೀರ್ಘದ ಗುರುತು, ಗ, ಗುಡಿಸು, ನ, ಹಲಂತ. ಆರು ಸರಿ. ಏಳನೆಯದು ಕಾಣದ ಅಕ್ಷರ, ಹಲಂತದ ಆಮೇಲೆ ಒತ್ತಕ್ಷರವಾಗದಂತೆ ತಡೆಯಲು ಹಾಕುವುದು. ಸಂಖ್ಯೆ 8204. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಪದದ ನಡುವೆ ಅದು ಬೇಕೇ ಬೇಕು. ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ, ಆದರೂ ಕೆಲವು ಟೈಪಿಂಗ್ ಸಲಕರಣೆಗಳು ಬಿಟ್ಟುಹೋಗುತ್ತವೆ. ಆದ್ದರಿಂದ ಎಲ್ಲ ಕಡೆ ಅಳಿಸದೆ ಕೊನೆಯದನ್ನು ಮಾತ್ರ ತೆಗೆಯಬೇಕು. ಮಾಡ್ಯೂಲ್ B ಕಾಲಮ್ಮಿನಲ್ಲಿರುವುದರಿಂದ:

```
=IF(UNICODE(RIGHT(B2,1))=8204,LEFT(B2,LEN(B2)-1),B2)
```

ಕನ್ನಡ ಪಟ್ಟಿಗಳಲ್ಲೇ ಕಾಡುವ ತೊಂದರೆ ಇದು. ಇಂಗ್ಲಿಷ್ ಹಾಳೆಗಳಿಗೆಂದು ಬರೆದ ಕೈಪಿಡಿಗಳಲ್ಲಿ ಇದನ್ನು ಹುಡುಕಿದರೆ ಸಿಗಲಿಕ್ಕಿಲ್ಲ.

ಕಿರಿಯರು: ಸರಿಪಡಿಸಿ ಮತ್ತೆ ಪ್ರಯೋಗ ಮಾಡಿದೆ, ಈಗ ಒಂದೇ ‘ಲಾಗಿನ್’ ಇದೆ. ಕೊನೆಯಲ್ಲಿ ಕಾನ್ಫಿಗರೇಶನ್ ಸೇವ್ ಮಾಡುವುದಾ ಎಂದು ಕೇಳುತ್ತಿದೆ.

ಹಿರಿಯರು: ಮಾಡಿ. ಈಗ ಕಟ್ಟಿದ ಜೋಡಣೆಯೆಲ್ಲ ಆ ಫೈಲಿನಲ್ಲಿ ಉಳಿಯುತ್ತದೆ. ನಿಜವಾದ ಇಂಪೋರ್ಟಿಗೆ ಅದನ್ನೇ ಕೊಟ್ಟು, ಪ್ರಾಜೆಕ್ಟ್ ಮಾತ್ರ ಬದಲಿಸಿದರೆ ಪ್ರಯೋಗದಲ್ಲಿ ಸರಿಬಂದದ್ದೇ ಅಲ್ಲಿಯೂ ನಡೆಯುತ್ತದೆ. ಕೈಯಿಂದ ಮತ್ತೆ ಮ್ಯಾಪ್ ಮಾಡಲು ಹೋದರೆ ಎಲ್ಲೋ ಒಂದು ಕಾಲಂ ತಪ್ಪುವುದು ಖಂಡಿತ. ಹಾಳೆಗೆ ಇನ್ನು ಯಾರೂ ಕೈಹಾಕಬಾರದೆಂದು ಹೇಳಿ ಈಗ ಪೂರ್ತಿ ಏರಿಸಿ.

ಕಿರಿಯರು: ಆಯಿತು. ‘200 ಯಶಸ್ವಿ’ ಎಂದು ಬಂದಿದೆ. ಇನ್ನೇನು ಉಳಿಯಿತು?

ಹಿರಿಯರು: ಇನ್ನೂರು ಸಾಲು ಒಳಬಂದವು ಎಂದಷ್ಟೇ ಅದು ಹೇಳುತ್ತಿದೆ. ಸಾಲಿನೊಳಗೆ ಏನು ಬಂತು ಎಂದು ಅದಕ್ಕೂ ಗೊತ್ತಿಲ್ಲ. ಲಾಗ್ ಇಳಿಸಿಕೊಂಡು ಎಚ್ಚರಿಕೆಗಳನ್ನು ಓದಿ. ಆಮೇಲೆ ಬರೆದಿಟ್ಟ ಸಂಖ್ಯೆಗಳನ್ನು ಒಂದೊಂದಾಗಿ ಕೇಳುತ್ತ ಹೋಗಿ. ಹುಡುಕಾಟದ ಮೊದಲ ಭಾಗ ಎಲ್ಲದಕ್ಕೂ ಒಂದೇ:

```
project = KAP AND labels = sheet-import
```

ಇದಕ್ಕೆ 200 ಬರಬೇಕು. ಇದರ ಮುಂದೆ AND status = Done ಸೇರಿಸಿದರೆ 76, AND issuetype = Sub-task ಎಂದರೆ 31, AND duedate IS EMPTY ಎಂದರೆ 37. AND statusCategory = Done AND resolution IS EMPTY ಎಂದರೆ ಸೊನ್ನೆ. ಈ ಕೊನೆಯದರಲ್ಲಿ ಸೊನ್ನೆ ಬರದಿದ್ದರೆ Resolution ಕಾಲಂ ಜೋಡಣೆಯಾಗಿಲ್ಲ.

ಕಿರಿಯರು: ಎಲ್ಲ ಸರಿಬಂತು. AND assignee IS EMPTY ಎಂದಾಗ ಮಾತ್ರ ಸೊನ್ನೆ ಬಂತು. ಹಾಳೆಯಲ್ಲಿ 18 ಸಾಲಿಗೆ ಯಾರ ಹೆಸರೂ ಇರಲಿಲ್ಲ.

ಹಿರಿಯರು: ಆ ಹದಿನೆಂಟೂ ಯಾರ ತಲೆಗೆ ಬಿದ್ದಿವೆ ನೋಡಿ. ಪ್ರಾಜೆಕ್ಟ್ ಲೀಡ್ ಹೆಸರಿಗೆ ಇರಬೇಕು. ಪ್ರಾಜೆಕ್ಟಿನ ಸೆಟ್ಟಿಂಗಿನಲ್ಲಿ ಡೀಫಾಲ್ಟ್ ಆಗಿ ಅವರ ಹೆಸರಿದ್ದರೆ ಹೀಗಾಗಬಹುದು. Sheet IDಯಿಂದ ಆ ಹದಿನೆಂಟನ್ನು ಆರಿಸಿ Bulk changeನಲ್ಲಿ Unassigned ಮಾಡಿ. ಲೀಡ್ ಅವರ ಹೆಸರಿನಲ್ಲಿ ನಿಜವಾಗಿಯೇ ಇರುವ ಕೆಲಸಗಳನ್ನು ಮುಟ್ಟಬೇಡಿ. ಹಾಗೇ, ಇಮೇಲ್ ಸೂಚನೆ ಹೊರಡದಂತೆ ಆ ಟಿಕ್ ಗುರುತನ್ನು ತೆಗೆದುಬಿಡಿ.

ಕಿರಿಯರು: ಎಣಿಕೆ ಸರಿಹೋದರೆ ಒಳಗಿನದೂ ಸರಿ ಎಂದುಕೊಳ್ಳಬಹುದಾ? ಎರಡು ಸಾಲಿನ ದಿನಾಂಕ ಪರಸ್ಪರ ಬದಲಾಗಿದ್ದರೂ ಎಣಿಕೆ ಅಷ್ಟೇ ಬರುತ್ತದಲ್ಲ.

ಹಿರಿಯರು: ಸರಿಯಾಗಿ ಕೇಳಿದಿರಿ. ಅದಕ್ಕೇ ಟ್ರ್ಯಾಕರಿನಿಂದ ಎಲ್ಲವನ್ನೂ ಸಿಎಸ್‌ವಿಯಾಗಿ ಹಿಂದಕ್ಕೆ ಇಳಿಸಿ, ಎರಡು ಹಾಳೆ ಅಕ್ಕಪಕ್ಕ ಇಟ್ಟುಕೊಂಡು, Sheet ID ಹಿಡಿದು VLOOKUP ಮಾಡಬೇಕು. ಪ್ರತಿ ಫೀಲ್ಡಿಗೂ ‘ಒಂದೇ’ ಅಥವಾ ‘ಬೇರೆ’ ಎಂಬ ಉತ್ತರ ಬರಲಿ, ‘ಬೇರೆ’ ಬಂದ ಸಾಲನ್ನು ಮಾತ್ರ ಕಣ್ಣಿಂದ ನೋಡಿ. ಇಳಿಸಿದ ಫೈಲಿನಲ್ಲಿ ದಿನಾಂಕ ಬೇರೆ ನಮೂನೆಯಲ್ಲಿ ಬರುತ್ತದೆ, ಎರಡನ್ನೂ ಒಂದೇ ನಮೂನೆಗೆ ತಂದು ಹೋಲಿಸಿ. ಅಂದಾಜಿನ ಕಾಲಂ ಕೂಡಿಸಿ, ಅಲ್ಲಿಯೂ ಸೆಕೆಂಡಿನಲ್ಲೇ ಇರುತ್ತದೆ.

ಕಿರಿಯರು: ಕೂಡಿದೆ, 41,27,400. ಫೀಲ್ಡುಗಳಲ್ಲಿ ಒಂದೂ ‘ಬೇರೆ’ ಇಲ್ಲ.

ಹಿರಿಯರು: ಅಂದರೆ ಇಂಪೋರ್ಟ್ ಸರಿಯಾಗಿದೆ. ನಾವು ಸರಿಪಡಿಸಿದ್ದು ಸರಿಯಿತ್ತೇ ಎನ್ನುವುದು ಇದರಿಂದ ಸಾಬೀತಾಗುವುದಿಲ್ಲ. ಹೋಲಿಸಿದ ಎರಡೂ ಕಡೆ ಇರುವುದು ನಮ್ಮ ಫಾರ್ಮುಲಾದಿಂದ ಬಂದ ದಿನಾಂಕವೇ. ಫಾರ್ಮುಲಾ ತಪ್ಪಿದ್ದರೆ ಎರಡೂ ಒಟ್ಟಿಗೆ ತಪ್ಪಿರುತ್ತವೆ. ಆ ಭಾಗವನ್ನು ಕೆಲಸದ ಒಡೆಯರೇ ನೋಡಬೇಕು. ಒಬ್ಬೊಬ್ಬರಿಗೂ ಅವರವರ ಹೆಸರಿನ ಪಟ್ಟಿ ತೆರೆದು ಕೊಟ್ಟು, ಅದಲುಬದಲು ಮಾಡಿದ 52 ಸಾಲಿನಲ್ಲಿ ಅವರ ಪಾಲಿನವನ್ನು ಗುರುತಿಸಿ, ಗಡುವು ಸರಿಯೇ ಎಂದು ಕೇಳಿ. ‘ಎಲ್ಲ ನೋಡಿ ಹೇಳಿ’ ಎಂದು ಇನ್ನೂರನ್ನೂ ಕಳಿಸಿದರೆ ಯಾರೂ ನೋಡುವುದಿಲ್ಲ. ನಾಲ್ಕೈದು ಸಾಲು ತೋರಿಸಿದರೆ ನೋಡುತ್ತಾರೆ.

ಕಿರಿಯರು: ಅಷ್ಟರಲ್ಲಿ ಏನಾದರೂ ದೊಡ್ಡ ತಪ್ಪು ಸಿಕ್ಕಿದರೆ?

ಹಿರಿಯರು: ಒಂದೇ ಫೀಲ್ಡಿನದಾದರೆ, ಇಳಿಸಿದ ಫೈಲಿನಲ್ಲಿ ಜಿರಾ ಕೀ ಇದೆ. ಕೀ, Summary ಮತ್ತು ಸರಿಪಡಿಸಿದ ಆ ಒಂದು ಕಾಲಂ ಇಟ್ಟುಕೊಂಡು ಮತ್ತೆ ಇಂಪೋರ್ಟ್ ಮಾಡಿದರೆ ಹೊಸದು ಹುಟ್ಟುವುದಿಲ್ಲ, ಇರುವುದೇ ತಿದ್ದಲ್ಪಡುತ್ತದೆ. ಪೂರ್ತಿ ಕೆಟ್ಟಿದ್ದರೆ ಲೇಬಲ್ ಹಿಡಿದು Bulk changeನಲ್ಲಿ ಎಲ್ಲವನ್ನೂ ಅಳಿಸಬಹುದು. ಒಮ್ಮೆಗೆ ಸಾವಿರದವರೆಗೆ ಬಿಡುತ್ತದೆ, ನಮ್ಮದು ಇನ್ನೂರೇ. ಆದರೆ ಅಳಿಸುವುದಾದರೆ ಜನ ಅದರಲ್ಲಿ ಕಾಮೆಂಟ್ ಬರೆಯಲು ಶುರುಮಾಡುವ ಮೊದಲೇ ಆಗಬೇಕು. ಆದ್ದರಿಂದ ಈ ತಪಾಸಣೆಯೆಲ್ಲ ಮುಗಿಯುವವರೆಗೆ ತಂಡಕ್ಕೆ ಪ್ರಾಜೆಕ್ಟ್ ತೆರೆದುಕೊಡಬೇಡಿ, ಗಡುವು ನೋಡಲು ಕರೆದವರಿಗೂ ಓದುವ ಅನುಮತಿ ಮಾತ್ರ ಸಾಕು.

ಕಿರಿಯರು: ಹಳೆಯ ಹಾಳೆ ಅಳಿಸಿಬಿಡಲಾ?

ಹಿರಿಯರು: ಬೇಡ. ಅದಕ್ಕೆ ಹತ್ತನೆಯ ಕಾಲಂ ಸೇರಿಸಿ, ಪ್ರತಿ ಸಾಲಿನ ಎದುರು ಅದರ KAP ಸಂಖ್ಯೆ ಹಾಕಿ, ಎಲ್ಲರಿಗೂ ಓದಲು ಮಾತ್ರ ಬಿಡಿ. ಹಳೆಯ ಇಮೇಲುಗಳಲ್ಲಿ ‘ಹಾಳೆಯ 87ನೇ ಕೆಲಸ’ ಎಂದು ಬರೆದವರು ಎಷ್ಟೋ ಜನ ಇದ್ದಾರೆ. ಅವರು ಹುಡುಕಿಕೊಂಡು ಬರುವುದು ಆ ಹಾಳೆಗೇ.